ಸವೆದ ವೀರಗಲ್ಲಿನ ಅಕ್ಷರ ಓದಲು ಬೆಳಕನ್ನು ಎಲ್ಲಿಂದ ಬಿಡಬೇಕು?

ಪ್ರಶ್ನೆ: ನಮ್ಮೂರ ಗುಡಿಯ ಹಿಂದೆ ಸುಮಾರು ಐದು ಅಡಿ ಎತ್ತರದ ವೀರಗಲ್ಲು ಇದೆ, ಗ್ರಾನೈಟ್ ಕಲ್ಲು. ಚಿತ್ರಗಳ ನಡುವಿನ ಪಟ್ಟಿಗಳಲ್ಲಿ ಹಳಗನ್ನಡದ ಸಾಲುಗಳಿವೆ, ತುಂಬಾ ಸವೆದಿವೆ. ಸಂಜೆ ಟಾರ್ಚನ್ನು ಎಡದಿಂದ ಹಿಡಿದರೆ ಕೆಲವು ಅಕ್ಷರ ಕಾಣುತ್ತವೆ, ಮೇಲಿನಿಂದ ಹಿಡಿದರೆ ಬೇರೆಯವು. ಎಲ್ಲವನ್ನೂ ಒಂದೇ ಫೋಟೊದಲ್ಲಿ ತರಲು ಸಾಧ್ಯವೇ? ಸುಣ್ಣದ ಪುಡಿ ಸವರಿದರೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ, ಮಾಡಬಹುದೇ? — ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಪುಡಿ ಬೇಡವೇ ಬೇಡ. ಸುಣ್ಣ, ಸೀಮೆಸುಣ್ಣ, ವಿಭೂತಿ, ಹಿಟ್ಟು, ಎಣ್ಣೆ ಯಾವುದೂ ಬೇಡ. ಇವು ಹರಳುಗಳ ಸಂದಿಗೆ ಇಳಿದರೆ ಪೂರ್ತಿ ತೊಳೆದು ತೆಗೆಯಲು ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಪುಡಿ ತುಂಬುವ ಕೈ ತನಗೆ ತೋಚಿದ ಅಕ್ಷರವನ್ನೇ ತುಂಬುತ್ತದೆ. ಆಮೇಲೆ ಫೋಟೊದಲ್ಲಿ ಕಾಣುವುದು ಕಲ್ಲಿನ ಪಾಠವಲ್ಲ, ಪುಡಿ ಹಾಕಿದವರ ಊಹೆ. ಕಲ್ಲುಹೂವನ್ನೂ ಕೆರೆಯಬೇಡಿ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು.

ನೀವು ಟಾರ್ಚ್ ಹಿಡಿದಾಗ ಕಂಡದ್ದರಲ್ಲೇ ಇಡೀ ವಿಧಾನದ ಮೂಲವಿದೆ. ಕೊರೆದ ಗೆರೆಗೆ ಬೆಳಕು ಅಡ್ಡವಾಗಿ ಬಿದ್ದರೆ ಅದರ ಒಂದು ಅಂಚು ನೆರಳಾಗುತ್ತದೆ, ಗೆರೆ ಕಾಣುತ್ತದೆ. ಗೆರೆಯ ಉದ್ದಕ್ಕೇ ಬೆಳಕು ಹರಿದರೆ ನೆರಳೇ ಹುಟ್ಟುವುದಿಲ್ಲ. ಎಡದ ಬೆಳಕಿನಲ್ಲಿ ನಿಂತ ಗೆರೆಗಳು ಎದ್ದು ಕಾಣುತ್ತವೆ, ತಲೆಕಟ್ಟಿನಂಥ ಅಡ್ಡಗೆರೆಗಳು ಮಾಯವಾಗುತ್ತವೆ. ಹಳಗನ್ನಡ ಲಿಪಿಯಲ್ಲಿ ಇದು ನೇರವಾಗಿ ಓದನ್ನೇ ಕೆಡಿಸುತ್ತದೆ: ತಲೆ ಮುಚ್ಚಿದ 'ವ'ದ ಮೇಲ್ಗೆರೆ ಕಾಣದೆ ಹೋದರೆ ಅದು ತಲೆ ತೆರೆದ 'ಪ' ಎನಿಸುತ್ತದೆ. ಹಾಗಾಗಿ ಒಂದು ಫೋಟೊ, ಎಷ್ಟೇ ಚೆನ್ನಾಗಿ ಬಂದರೂ, ಸಾಲದು. ಕ್ಯಾಮೆರಾ ಅಲುಗದಂತೆ ಇಟ್ಟು, ಬೆಳಕನ್ನು ಮಾತ್ರ ಸುತ್ತಿಸಿ ಹಲವು ಫೋಟೊ ತೆಗೆದು, ಅವನ್ನು ಕೂಡಿಸಬೇಕು.

ಬೆಳಕು ಎಷ್ಟು ಓರೆಯಾಗಿರಬೇಕು ಎಂಬುದು ಕಲ್ಲಿನ ಮೇಲೆ ಹೋಗುತ್ತದೆ. ಸವೆದು ಅರ್ಧ ಮಿಲಿಮೀಟರ್ ಆಳ ಉಳಿದಿರುವ ಗೆರೆ, ಬೆಳಕು ಕಲ್ಲಿನ ಮುಖಕ್ಕೆ 45 ಡಿಗ್ರಿಯಲ್ಲಿದ್ದರೆ ಅರ್ಧ ಮಿಲಿಮೀಟರ್ ನೆರಳು ಕೊಡುತ್ತದೆ. 10 ಡಿಗ್ರಿಗೆ ಇಳಿಸಿದರೆ ಅದೇ ಗೆರೆಯ ನೆರಳು ಸುಮಾರು 3 ಮಿಲಿಮೀಟರ್ ಆಗಲು ಹೊರಡುತ್ತದೆ, ಅಂದರೆ ಸಣ್ಣ ಗೆರೆಯನ್ನು ಪೂರ್ತಿ ತುಂಬುತ್ತದೆ. ಹಾಗಿದ್ದರೆ ಇನ್ನೂ ಇಳಿಸಬಾರದೇಕೆ? ಹೊಯ್ಸಳ ಗುಡಿಗಳ ಬಳಪದ ಕಲ್ಲಿನಂಥ ನುಣುಪು ಕಲ್ಲಿನಲ್ಲಿ ಇಳಿಸಬಹುದು, ಅಲ್ಲಿ 5ರಿಂದ 10 ಡಿಗ್ರಿ ಒಳ್ಳೆಯದು. ಗ್ರಾನೈಟಿನಲ್ಲಿ ಮಾತ್ರ ಆಗುವುದಿಲ್ಲ. ಅದರ ಹರಳುಗಳೇ ಮಳೆಬಿಸಿಲಿಗೆ ಉಬ್ಬುತಗ್ಗಾಗಿರುತ್ತವೆ. ಬೆಳಕು ತೀರಾ ಓರೆಯಾದರೆ ಪ್ರತಿ ಹರಳೂ ನೆರಳು ಬಿಟ್ಟು, ಅಕ್ಷರ ಆ ನೆರಳಿನ ರಾಶಿಯಲ್ಲಿ ಕಳೆದುಹೋಗುತ್ತದೆ. ನಿಮ್ಮ ಕಲ್ಲಿಗೆ 20 ಡಿಗ್ರಿಯಿಂದ ಶುರು ಮಾಡಿ.

ಬೆಳಕಿನ ದೂರವೂ ಅಷ್ಟೇ ಮುಖ್ಯ, ಹೆಚ್ಚಿನವರು ತಪ್ಪುವುದು ಇಲ್ಲೇ. ಇಡೀ ಕಲ್ಲನ್ನು ಒಂದೇ ಸಲಕ್ಕೆ ತೆಗೆಯಲು ಹೋಗದೆ, 60 ಸೆಂಟಿಮೀಟರ್ ಅಗಲದ ತುಂಡುಗಳಾಗಿ ತೆಗೆಯಿರಿ. ಒಂದು ತುಂಡಿಗೂ ಮುಂದಿನದಕ್ಕೂ ಕಾಲು ಭಾಗ ಒಂದರ ಮೇಲೊಂದು ಬರಲಿ. ದೀಪವನ್ನು ತುಂಡಿನ ಎಡ ಅಂಚಿನಿಂದ 60 ಸೆಂಟಿಮೀಟರಿನಲ್ಲಿ ಹಿಡಿದರೆ ಬಲ ಅಂಚಿಗೆ ಎರಡು ಪಟ್ಟು ದೂರವಾಗಿ, ಅಲ್ಲಿ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಕಡೆ ಬಿಳಿಚಿ, ಇನ್ನೊಂದು ಕಡೆ ಕತ್ತಲು. ತುಂಡಿನ ನಡುವಿನಿಂದ ಅಗಲದ ಮೂರು ಪಟ್ಟು, ಅಂದರೆ 180 ಸೆಂಟಿಮೀಟರಿನಲ್ಲಿ ದೀಪವಿದ್ದರೆ ವ್ಯತ್ಯಾಸ ಎರಡು ಪಟ್ಟಿನ ಒಳಗೇ ಉಳಿಯುತ್ತದೆ. ದೀಪಕ್ಕೆ 180 ಸೆಂಟಿಮೀಟರ್ ದಾರ ಕಟ್ಟಿ. ಇನ್ನೊಬ್ಬರು ದಾರದ ತುದಿಯನ್ನು ಕಲ್ಲಿಗೆ ತಾಗಿಸದೆ ತುಂಡಿನ ನಡುವಿನ ಎದುರು ಹಿಡಿಯಲಿ, ದೂರ ಸರಿಯಾದ ಮೇಲೆ ದಾರ ಸರಿಸಿ ಫೋಟೊ ತೆಗೆಯಿರಿ. 20 ಡಿಗ್ರಿ ಅಳೆಯಲು ಕೋನಮಾಪಕ ಬೇಡ: ಈ ದಾರದ ಉದ್ದಕ್ಕೆ, ದೀಪವು ಕಲ್ಲಿನ ಮುಖಕ್ಕಿಂತ 62 ಸೆಂಟಿಮೀಟರ್ ಮುಂದೆ ಇದ್ದರೆ 20 ಡಿಗ್ರಿ.

ಕಲ್ಲಿನ ಮೇಲೆ ಗಡಿಯಾರವನ್ನು ಊಹಿಸಿಕೊಳ್ಳಿ. ಪಟ್ಟಿಯ ನಡುಭಾಗ ನೆಲದಿಂದ ಮೂರು ಅಡಿ ಮೇಲಿದ್ದರೆ ದೀಪವನ್ನು 8ರ ಜಾಗಕ್ಕಿಂತ ಕೆಳಗೆ ಇಳಿಸಲು ನೆಲ ಬಿಡುವುದಿಲ್ಲ. ಇದರಿಂದ ನಷ್ಟವಿಲ್ಲ. ಅಡ್ಡಗೆರೆಯನ್ನು ಕೆಳಗಿನ ಬೆಳಕು ಹೇಗೆ ತೋರಿಸುತ್ತದೆಯೋ ಮೇಲಿನ ಬೆಳಕೂ ಹಾಗೆಯೇ ತೋರಿಸುತ್ತದೆ. ಆದ್ದರಿಂದ 8, 9, 10, 11, 12, 1, 2, 3, 4 ಹೀಗೆ ಒಂಬತ್ತು ಜಾಗಗಳಿಂದ ಒಂಬತ್ತು ಫೋಟೊ. 12ರ ಜಾಗ ನೆಲದಿಂದ ಎಂಟೂವರೆ ಅಡಿ ಮೇಲೆ ಬರುತ್ತದೆ, ದೀಪವನ್ನು ಬಿದಿರಿನ ಗಳಕ್ಕೆ ಕಟ್ಟಿ ಎತ್ತಬೇಕು.

ಕತ್ತಲಾದ ಮೇಲೆಯೇ ತೆಗೆಯಿರಿ, ಹಗಲ ಬೆಳಕು ಬೆರೆತರೆ ನೆರಳು ತೆಳುವಾಗುತ್ತದೆ. ದೀಪ ಇಲ್ಲದೆ ಒಂದು ಫೋಟೊ ತೆಗೆದು ನೋಡಿ, ಅದು ಪೂರ್ತಿ ಕಪ್ಪಾಗಿ ಬರಬೇಕು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಕಲ್ಲಿನ ಮುಖಕ್ಕೆ ನೇರವಾಗಿ ಇರಲಿ. ಎಲ್ಲ ಸೆಟ್ಟಿಂಗೂ ಮ್ಯಾನ್ಯುಯಲ್: ಎಫ್/8, ಐಎಸ್‌ಒ 200, ಟಾರ್ಚ್ ಆದರೆ ಒಂದು ಸೆಕೆಂಡಿನಿಂದ ಪರೀಕ್ಷೆ ಶುರು ಮಾಡಿ. ಯಾವ ಜಾಗವೂ ಪೂರ್ತಿ ಬೆಳ್ಳಗಾಗದಂತೆ ಹೊಂದಿಸಿ, ಆಮೇಲೆ ಒಂಬತ್ತು ಫೋಟೊ ಮುಗಿಯುವವರೆಗೆ ಬದಲಿಸಬೇಡಿ. ಫೋಕಸ್ ಒಮ್ಮೆ ಮಾಡಿ ಮ್ಯಾನ್ಯುಯಲ್‌ಗೆ ಹಾಕಿ, ಎರಡು ಸೆಕೆಂಡಿನ ಟೈಮರ್ ಬಳಸಿ. ಫೋನಿನಲ್ಲೂ ಆಗುತ್ತದೆ, ಪ್ರೊ ಮೋಡ್ ಇದ್ದರೆ. ಆದರೆ ಎಚ್‌ಡಿಆರ್, ನೈಟ್ ಮೋಡ್ ಎರಡನ್ನೂ ಆಫ್ ಮಾಡಿ. ನೆರಳನ್ನು ಬೆಳಗಿಸುವುದೇ ಅವುಗಳ ಕೆಲಸ, ನಮಗೆ ಬೇಕಾದ್ದು ಆ ನೆರಳೇ. ಕ್ಯಾಮೆರಾಕ್ಕೇ ಅಂಟಿದ ಫ್ಲಾಶ್ ಬೇಡ, ಅದು ಎದುರಿನಿಂದ ಬಿದ್ದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ.

ಕೂಡಿಸಲು ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಸಾಕು. ಫೋಟೊಗಳನ್ನು s01.jpg, s02.jpg ಎಂದು ಹೆಸರಿಸಿ ಒಂದೇ ಫೋಲ್ಡರಿನಲ್ಲಿಟ್ಟು ಈ ಮೂರು ಸಾಲು ಓಡಿಸಿ:

```
magick s*.jpg -colorspace Gray -evaluate-sequence Max max.png
magick s*.jpg -colorspace Gray -evaluate-sequence Min min.png
magick min.png max.png -fx "u/v" -auto-level akshara.png
```

ಮೊದಲ ಸಾಲು, ಒಂಬತ್ತು ಫೋಟೊಗಳಲ್ಲಿ ಪ್ರತಿ ಬಿಂದುವೂ ಅತಿ ಹೆಚ್ಚು ಬೆಳಗಿದ್ದಾಗ ಹೇಗಿತ್ತು ಎಂಬುದನ್ನು ಆರಿಸಿಕೊಳ್ಳುತ್ತದೆ. ಎರಡನೆಯದು ಅತಿ ಕತ್ತಲಿದ್ದಾಗಿನದು. ಮೂರನೆಯದು ಕತ್ತಲನ್ನು ಬೆಳಕಿನಿಂದ ಭಾಗಿಸುತ್ತದೆ. ಸಮತಟ್ಟಾದ ಜಾಗದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ, ಬೂದು ಬಣ್ಣ ಬರುತ್ತದೆ. ಕೊರೆದ ಗೆರೆ ಒಂದಲ್ಲ ಒಂದು ಬೆಳಕಿನಲ್ಲಿ ನೆರಳಾಗಿಯೇ ಇರುತ್ತದೆ, ಅದು ಕಪ್ಪಾಗುತ್ತದೆ. ಕಳೆಯುವ ಬದಲು ಭಾಗಿಸುವುದಕ್ಕೆ ಕಾರಣವಿದೆ: ಗ್ರಾನೈಟಿನ ಬಿಳಿ ಹರಳು, ಕರಿ ಹರಳು ಎರಡರ ಬಣ್ಣವೂ ಭಾಗಾಕಾರದಲ್ಲಿ ಬಹುಪಾಲು ಹೊಡೆದುಹೋಗಿ ಆಕಾರವೇ ಉಳಿಯುತ್ತದೆ. ದೊಡ್ಡ ಫೋಟೊಗಳಿಗೆ ಮೂರನೆಯ ಸಾಲು ನಿಧಾನ, ಕಾಯಬೇಕು. ಬೇರೆ ಬೇರೆ ಕೋನದಲ್ಲಿ ತೆಗೆದವನ್ನು ಒಂದೇ ಲೆಕ್ಕಕ್ಕೆ ಬೆರೆಸಬೇಡಿ. 20 ಡಿಗ್ರಿಯವು ಒಂದು ಫೋಲ್ಡರ್, 35ರವು ಇನ್ನೊಂದು.

ಫಲಿತಾಂಶ ಕೆಟ್ಟರೆ ಕಾರಣವನ್ನು ಚಿತ್ರವೇ ಹೇಳುತ್ತದೆ. ಪ್ರತಿ ಹರಳಿಗೂ, ಕಲ್ಲಿನ ಅಂಚಿಗೂ ಜೋಡಿ ಗೆರೆ ಬಂದಿದ್ದರೆ ಕ್ಯಾಮೆರಾ ಅಲುಗಿದೆ. ಇದನ್ನು ತಂತ್ರಾಂಶದಿಂದ ಸರಿಹೊಂದಿಸಲು ಹೋದರೆ ಅದು ನೆರಳುಗಳನ್ನೇ ಗುರುತೆಂದು ಹಿಡಿದು, ಬೆಳಕಿನ ಜೊತೆ ಸರಿದ ನೆರಳನ್ನು ಒಂದರ ಮೇಲೊಂದು ಕೂರಿಸುತ್ತದೆ. ಮತ್ತೆ ತೆಗೆಯುವುದೇ ಸರಿ. ಪಟ್ಟಿಯ ಮೇಲ್ಸಾಲು ಇಡಿಯಾಗಿ ಕಪ್ಪಾಗಿದ್ದರೆ, ಮೇಲಿನ ಶಿಲ್ಪದ ಚೌಕಟ್ಟು 12ರ ಬೆಳಕಿನಲ್ಲಿ ಅದರ ಮೇಲೆ ನೆರಳು ಚೆಲ್ಲಿದೆ. ವೀರಗಲ್ಲುಗಳಲ್ಲಿ ಇದು ತೀರಾ ಸಾಮಾನ್ಯ. ಆ ಫೋಟೊ ತೆಗೆದುಹಾಕಿ ಮತ್ತೆ ಓಡಿಸಿ. 11 ಮತ್ತು 1ರಲ್ಲೂ ಅದೇ ನೆರಳು ಬಿದ್ದಿದ್ದರೆ ಅವನ್ನೂ ತೆಗೆದುಹಾಕಿ, 10 ಮತ್ತು 2ರ ಫೋಟೊಗಳು ಅಡ್ಡಗೆರೆಗಳನ್ನು ತಕ್ಕಮಟ್ಟಿಗೆ ಕಾಪಾಡುತ್ತವೆ.

ಇಷ್ಟಾದರೂ ಓದಲಾಗದ ಸಾಲುಗಳಿದ್ದರೆ ಮುಂದಿನ ಹೆಜ್ಜೆ ಆರ್‌ಟಿಐ, ಅಂದರೆ ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದದ್ದು ಇದು. ಇದರಲ್ಲಿ ಪ್ರತಿ ಬಿಂದುವಿನಲ್ಲಿ ಕಲ್ಲಿನ ಮೈ ಯಾವ ಕಡೆಗೆ ವಾಲಿದೆ ಎಂದು ಲೆಕ್ಕ ಹಾಕಿ, ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದಲ್ಲಿಗೆ ಸರಿಸಬಹುದು. ಅದೇ ಒಂಬತ್ತು ಜಾಗಗಳಿಂದ, ಅದೇ ದಾರದಲ್ಲಿ, ನಾಲ್ಕು ಕೋನಗಳಲ್ಲಿ ತೆಗೆಯಿರಿ: ಕಲ್ಲಿನ ಮುಖದಿಂದ 62, 103, 138, 163 ಸೆಂಟಿಮೀಟರ್ ಮುಂದೆ. ಒಟ್ಟು 36 ಫೋಟೊ. ಜೊತೆಗೆ ಎರಡು ಹೊಳೆಯುವ ಕರಿ ಗುಂಡುಗಳು ಬೇಕು. ಕಲ್ಲಿಗೆ ತಾಗದಂತೆ, ತುಂಡಿನ ಪಕ್ಕದಲ್ಲಿ, ಫೋಟೊದೊಳಗೆ ಬರುವಂತೆ ಇಡಿ. ಗುಂಡಿನ ಮೇಲಿನ ಹೊಳಪು ಚುಕ್ಕೆಯಿಂದ ದೀಪ ಎಲ್ಲಿತ್ತೆಂದು ತಂತ್ರಾಂಶ ತಿಳಿಯುತ್ತದೆ. ಗುಂಡು ಫೋಟೊದಲ್ಲಿ 250 ಪಿಕ್ಸೆಲ್‌ನಷ್ಟಾದರೂ ಅಗಲ ಬರಲಿ. 6000 ಪಿಕ್ಸೆಲ್ ಅಗಲದ ಫೋಟೊದಲ್ಲಿ 60 ಸೆಂಟಿಮೀಟರ್ ಹಿಡಿದರೆ ಎರಡೂವರೆ ಸೆಂಟಿಮೀಟರಿನ ದೊಡ್ಡ ಕರಿ ಗೋಲಿ ಸಾಕಾಗುತ್ತದೆ, ಮಾಮೂಲಿ ಗೋಲಿ ಚಿಕ್ಕದಾಯಿತು. ಇಟಲಿಯ ಸಂಶೋಧಕರ Relight ಉಚಿತವಾಗಿ ಸಿಗುತ್ತದೆ, ಲೆಕ್ಕಕ್ಕೆ ಅದು. ನೋಡಲು RTIViewer. ಅದರಲ್ಲಿ Specular Enhancement ಆರಿಸಿದರೆ ಕಲ್ಲುಹೂವಿನ ಬಣ್ಣ, ಹರಳಿನ ಚುಕ್ಕೆ ಹಿಂದೆ ಸರಿದು ಮೈಯ ಏರಿಳಿತ ಮುಂದೆ ಬರುತ್ತದೆ. ನೋಡುವಾಗ ಬೆಳಕನ್ನು ಮೇಲಿನ ಎಡಕ್ಕೆ ಇಟ್ಟುಕೊಳ್ಳಿ, ಕೆಳಗಿನಿಂದ ಬಿಟ್ಟರೆ ಕೊರೆದ ಅಕ್ಷರ ಉಬ್ಬಿದಂತೆ ಕಂಡು ಕಣ್ಣು ಮೋಸಹೋಗುತ್ತದೆ.

ಎರಡು ವಿಧಾನಕ್ಕೂ ಒಂದು ಮಿತಿ ಇದೆ. ಇವು ಉಳಿದಿರುವ ಆಳವನ್ನು ತೋರಿಸುತ್ತವೆ. ಕಲ್ಲಿನ ಮೇಲ್ಪದರವೇ ಚಕ್ಕೆಯಾಗಿ ಎದ್ದುಹೋದ ಕಡೆ ತೋರಿಸಲು ಏನೂ ಇರುವುದಿಲ್ಲ.

ಓದುವಾಗ ಗ್ರಾನೈಟಿನಲ್ಲಿ ಹೆಚ್ಚು ದಾರಿ ತಪ್ಪಿಸುವುದು ಸೊನ್ನೆ. ಹರಳು ಉದುರಿದ ಕುಳಿ ಥೇಟ್ ಅನುಸ್ವಾರದಂತೆ ಕಾಣುತ್ತದೆ. ಅನುಮಾನ ಬಂದ ಸೊನ್ನೆಯನ್ನು ಅದೇ ಶಾಸನದ ಖಚಿತ ಸೊನ್ನೆಯೊಂದರ ಪಕ್ಕ ಇಟ್ಟು ಅಳತೆ, ಸಾಲಿನಲ್ಲಿ ಅದರ ಎತ್ತರ ಎರಡನ್ನೂ ಹೋಲಿಸಿ. ಆಮೇಲೆ ಕೂಡಿಸಿದ ಚಿತ್ರ ಬಿಟ್ಟು ಮೂಲ ಫೋಟೊಗಳಿಗೆ ಹೋಗಿ. ಉಳಿ ಕೊರೆದ ಗೆರೆಯ ಅಗಲ ಬೆಳಕು ಸುತ್ತಿದರೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಕುಳಿಯ ಆಕಾರ ಪ್ರತಿ ಫೋಟೊದಲ್ಲೂ ಬದಲಾಗುತ್ತದೆ. ಒಂದೇ ಒಂದು ಫೋಟೊದಲ್ಲಿ ಕಂಡು ಉಳಿದ ಎಂಟರಲ್ಲಿ ಸುಳಿವೇ ಇಲ್ಲದ ಗೆರೆಯನ್ನು ನಂಬಬೇಡಿ.

ನಿಮ್ಮ ಓದನ್ನು ಬರೆದಿಟ್ಟ ನಂತರವೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಶಾಸನಗಳನ್ನು ತೆರೆದು ಈ ಕಲ್ಲು ಇದೆಯೇ ನೋಡಿ. ಹಾಸನ ಜಿಲ್ಲೆಯದು ಈ ಸಂಪುಟಗಳನ್ನು ಶುರು ಮಾಡಿದ ಬಿ.ಎಲ್. ರೈಸರ ಕಾಲದಲ್ಲೇ ಅಚ್ಚಾಗಿದೆ, ಆಗ ಓದಲು ಸಿಕ್ಕ ಅಕ್ಷರ ಈಗ ಇಲ್ಲದಿರಬಹುದು. ಅದನ್ನು ಮೊದಲೇ ಓದಿದರೆ ಕಣ್ಣು ಕಲ್ಲಿನಲ್ಲಿ ಅದನ್ನೇ ಹುಡುಕುತ್ತದೆ. ಸಂದೇಹದ ಅಕ್ಷರಗಳನ್ನು ಚೌಕ ಕಂಸದಲ್ಲಿ, ಹೋದವನ್ನು ಚುಕ್ಕೆಗಳಲ್ಲಿ ತೋರಿಸಿ. ಶಾಸನತಜ್ಞರಿಗೆ ಕಳಿಸುವಾಗ akshara.png ಒಂದನ್ನೇ ಕಳಿಸದೆ ಒಂಬತ್ತು ಮೂಲ ಫೋಟೊಗಳನ್ನೂ ಯಾವುದಕ್ಕೆ ಬೆಳಕು ಎಲ್ಲಿಂದ ಬಿದ್ದಿತ್ತು ಎಂಬ ಚೀಟಿಯನ್ನೂ ಸೇರಿಸಿ. ಕಲ್ಲು ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಸ್ಟ್ಯಾಂಡ್ ಇಡುವ ಮೊದಲು ಇಲಾಖೆಯ ಅನುಮತಿ ಪಡೆಯಿರಿ.