ಓದಲಾಗದ ಸೆಲ್‌ಗೆ ಸೊನ್ನೆ ಹಾಕಬೇಡಿ

*ಪ್ರತಿ ಸೋಮವಾರದ ಮೀಟಿಂಗ್ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ವೈಟ್‌ಬೋರ್ಡ್‌ನ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಬೋರ್ಡ್ ಒರೆಸಿಬಿಡುತ್ತಾರೆ. ಅದರಲ್ಲಿನ ಅಂಕಿಗಳನ್ನು ಎಲ್ಲರೂ ನೋಡುವ ಗೂಗಲ್ ಶೀಟ್‌ಗೆ ತುಂಬುವುದು ನನ್ನ ಕೆಲಸ. ಕಳೆದ ವಾರ ಮೈಸೂರು ಶಾಖೆಯ ಸರಾಸರಿ ತಪ್ಪಾಗಿ, ಮ್ಯಾನೇಜರ್ ಎಲ್ಲರೆದುರು ಬೈದರು. ಬೋರ್ಡ್‌ನಲ್ಲಿದ್ದುದನ್ನೇ ಹಾಕಿದ್ದೆ, ಓದಲಾಗದ ಕಡೆ ಮಾತ್ರ ಸೊನ್ನೆ ಹಾಕಿದ್ದೆ. ಫೋಟೋ ಲಗತ್ತಿಸಿದ್ದೇನೆ. ಈ ಕೆಲಸವೇ ಬೇಡ ಎಂದು ಹೇಳಲೇ?*

ಬೇಡ ಎನ್ನಬೇಡಿ. ಬೈಸಿಕೊಂಡ ನೋವು ನನಗೆ ಅರ್ಥವಾಗುತ್ತದೆ, ಆದರೆ ನೀವು ಕೊನೆಯಲ್ಲಿ ಹಗುರವಾಗಿ ಹೇಳಿ ಮುಗಿಸಿದ ಆ ಸೊನ್ನೆಯೇ ಇಷ್ಟಕ್ಕೂ ಮೂಲ. ನಿಮ್ಮ ಫೋಟೋದಲ್ಲಿ ಮೈಸೂರಿನ ಸಾಲಿನಲ್ಲಿ 12, 18 ಎಂದಿದೆ, ಮೂರನೆಯ ವಾರದ ಅಂಕಿಯ ಮೇಲೆ ಟ್ಯೂಬ್‌ಲೈಟ್‌ನ ಬೆಳಕು ಬಿದ್ದು ಏನೂ ಕಾಣುವುದಿಲ್ಲ, ನಾಲ್ಕನೆಯದು 15. ಸರಾಸರಿ ತೆಗೆಯುವ `AVERAGE` ಸೂತ್ರವು ಖಾಲಿ ಸೆಲ್ಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೊನ್ನೆಯನ್ನಾದರೋ ಒಂದು ವಾರದ ಅಂಕಿಯೆಂದೇ ಎಣಿಸುತ್ತದೆ. ಆ ಸೆಲ್ ಖಾಲಿಯಿದ್ದಿದ್ದರೆ ಸರಾಸರಿ 15 ಬರುತ್ತಿತ್ತು. ಸೊನ್ನೆ ಬಿದ್ದದ್ದರಿಂದ 11.25ಕ್ಕೆ ಇಳಿಯಿತು. ಶೀಟ್ ನೋಡಿದವರಿಗೆ ಆ ವಾರ ಮೈಸೂರಿನಲ್ಲಿ ಏನೂ ಮಾರಾಟವಾಗಲಿಲ್ಲ ಎಂದೇ ಅನ್ನಿಸುತ್ತದೆ, ಏಕೆಂದರೆ ‘ಮಾರಾಟ ಇಲ್ಲ’ ಎಂಬುದಕ್ಕೂ ‘ನನಗೆ ಓದಲಾಗಲಿಲ್ಲ’ ಎಂಬುದಕ್ಕೂ ನೀವು ಒಂದೇ ಗುರುತು ಹಾಕಿದ್ದೀರಿ.

ಅದೇ ಫೋಟೋದ ಬಲತುದಿಯನ್ನು ದೊಡ್ಡದು ಮಾಡಿ ನೋಡಿ. ಒಟ್ಟು ಎಂಬ ಕಾಲಂನಲ್ಲಿ ಮೈಸೂರಿನೆದುರು 61 ಎಂದು ಸ್ಪಷ್ಟವಾಗಿಯೇ ಇದೆ. ಕಾಣುವ ಮೂರು ಅಂಕಿಗಳ ಮೊತ್ತ 45; ಹಾಗಾದರೆ ಕಾಣದ್ದು 16 ಆಗಿರಬೇಕು. ಬೋರ್ಡ್ ಮುಂದೆ ನಿಂತು ಬಾಯಿಲೆಕ್ಕದಲ್ಲಿ ಕೂಡಿಸುವವರೂ ತಪ್ಪುವುದುಂಟು, ಆದ್ದರಿಂದ ಈ 16 ಅನ್ನು ನೇರವಾಗಿ ಶೀಟ್‌ಗೆ ಇಳಿಸದೆ, ಬರೆದವರನ್ನು ಕೇಳಲು ಆಧಾರವಾಗಿ ಇಟ್ಟುಕೊಳ್ಳಿ. ಒಟ್ಟು ಕಾಲಂ ಅನ್ನು ನಕಲು ಮಾಡುವ ಬದಲು ಶೀಟ್‌ನಲ್ಲಿ `SUM` ಸೂತ್ರದಿಂದಲೇ ಪಡೆದು, ಬೋರ್ಡ್‌ನ ಒಟ್ಟಿನೊಂದಿಗೆ ಸಾಲುಸಾಲಾಗಿ ತಾಳೆ ನೋಡಿದರೆ 1 ಅನ್ನು 7 ಎಂದು ಓದಿದ ತಪ್ಪು ಕೂಡ ಅಲ್ಲೇ ಸಿಕ್ಕಿಬೀಳುತ್ತದೆ.

ನನ್ನ ಕೋಪವೆಲ್ಲ ಆ ಫೋಟೋ ತೆಗೆದವರ ಮೇಲೆ. ಬೋರ್ಡ್ ಒರೆಸುವ ಮೊದಲು ಚಿತ್ರವನ್ನು ಒಮ್ಮೆ ಹಿಗ್ಗಿಸಿ ನೋಡುವುದು, ಬೆಳಕು ಹೊಳೆದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ತೆಗೆಯುವುದು, ಅಂಕಿಗಳು ಮಸುಕಾಗದಂತೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸುವುದು ಅವರ ಹೊಣೆ. ಮ್ಯಾನೇಜರ್ ಬೈಯಬೇಕಾದದ್ದು ಅವರನ್ನು.

ನೀವು ಮಾಡಬೇಕಾದದ್ದು ಒಂದೇ. ಓದಲಾಗದ ಸೆಲ್ಲನ್ನು ಖಾಲಿ ಬಿಟ್ಟು, ಅದೇ ಸೆಲ್‌ಗೆ ಕಾಮೆಂಟ್ ಸೇರಿಸಿ, ಅಂಕಿ ಬರೆದವರನ್ನು `@` ಹಾಕಿ ಹೆಸರಿಸಿ: ‘ಫೋಟೋದಲ್ಲಿ ಕಾಣುತ್ತಿಲ್ಲ. ಒಟ್ಟು 61ರ ಪ್ರಕಾರ 16 ಇರಬೇಕು, ಖಚಿತಪಡಿಸಿ.’ ಅವರ ಉತ್ತರ ಬರುವವರೆಗೆ ಆ ಸೆಲ್‌ನಲ್ಲಿ ಏನನ್ನೂ ತುಂಬಬೇಡಿ.