ಖಾಲಿ ಚಾರ್ಜರ್ ಎಷ್ಟು ಕರೆಂಟ್ ತಿನ್ನುತ್ತೆ?

"ಫೋನ್ ಹಾಕದಿದ್ದರೂ ಚಾರ್ಜರ್ ಇಡೀ ದಿನ ಸ್ವಿಚ್ ಆನ್‌ನಲ್ಲೇ ಇರುತ್ತೆ. ಬೆಸ್ಕಾಂ ಬಿಲ್ ಎಷ್ಟು ಏರುತ್ತೆ?"

ಈಗಿನ ಒಳ್ಳೆಯ ಮೊಬೈಲ್ ಚಾರ್ಜರ್ ಆದರೆ ವರ್ಷಕ್ಕೆ ಐದಾರು ರೂಪಾಯಿ, ಅಷ್ಟೇ. ಫೋನ್ ಇಲ್ಲದಾಗ ಅದು ಎಳೆಯುವುದು ಸುಮಾರು 0.1 ವ್ಯಾಟ್ ಅಥವಾ ಇನ್ನೂ ಕಡಿಮೆ. ವರ್ಷಕ್ಕೆ 8760 ಗಂಟೆ. ಗುಣಿಸಿದರೆ 876 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್ಟೂ ತುಂಬಲ್ಲ. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ ಲೆಕ್ಕ ಮುಗೀತು.

ಮನೆಯಲ್ಲಿ ಚಾರ್ಜರ್ ಒಂದನ್ನು ಬಿಟ್ಟು ಎಲ್ಲಾ ಆಫ್ ಮಾಡಿ, ಕೆಳಗಡೆ ಮೀಟರ್ ಬೋರ್ಡ್ ಹತ್ತಿರ ನಿಂತು ನೋಡೋಣ ಅನ್ನಿಸಬಹುದು. ಸುಮ್ನೆ ಕಾಯಬೇಡಿ. ಮೀಟರ್ ಮೇಲೆ 3200 imp/kWh ಅಂತ ಬರೆದಿದ್ದರೆ, ಅಂದರೆ ಕೆಂಪು ದೀಪ ಯೂನಿಟ್‌ಗೆ 3200 ಸಲ ಮಿನುಗುವುದಾದರೆ, ಒಂದು ಸಲ ಮಿನುಗಲು 0.1 ವ್ಯಾಟ್‌ಗೆ ಮೂರು ಗಂಟೆ ಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೆರಡು ವ್ಯಾಟ್‌ಗಿಂತ ಕಡಿಮೆ ಲೋಡ್ ಒಂದೇ ಇದ್ದರೆ ಮೀಟರ್ ಲೆಕ್ಕ ಶುರು ಮಾಡದೆಯೂ ಇರಬಹುದು. ಪ್ಲಗ್‌ಗೆ ಹಾಕುವ ಅಗ್ಗದ ವ್ಯಾಟ್ ಮೀಟರ್ ಕೂಡ ಇಷ್ಟು ಸಣ್ಣದನ್ನು ಸೊನ್ನೆ ಅಂತಲೇ ತೋರಿಸಬಹುದು.

ಹಳೆಯ ಅಡಾಪ್ಟರ್ ಇದ್ದರೆ ಕಥೆ ಬೇರೆ. ಕೈಗೆ ಇಟ್ಟಿಗೆ ಥರ ಭಾರ ಸಿಗುವಂಥವು, ಹಳೇ ರೇಡಿಯೊ, ಕಾರ್ಡ್‌ಲೆಸ್ ಫೋನ್ ಜೊತೆ ಬರ್ತಿದ್ದವು. ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತೆ, ಲೋಡ್ ಇಲ್ಲದಿದ್ದರೂ ಬಿಸಿಯಾಗುತ್ತೆ. 2 ವ್ಯಾಟ್ ಎಳೆದರೆ ವರ್ಷಕ್ಕೆ 17 ಯೂನಿಟ್ ದಾಟುತ್ತೆ, ನೂರು ರೂಪಾಯಿ ಹತ್ತಿರ. ಒಂದೆರಡು ಗಂಟೆ ಖಾಲಿ ಬಿಟ್ಟು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದನ್ನು ಆಫ್ ಮಾಡಿ. ತಣ್ಣಗಿರುವ ಮೊಬೈಲ್ ಚಾರ್ಜರ್‌ಗೆ ಬಿಲ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ.