ಡಿಸ್ಲೆಕ್ಸಿಯಾ: ಮಿದುಳಿನ ಓದಿನ ಜಾಲ ಮತ್ತು ಬೇಗನೆ ಸಿಗುವ ನೆರವು

ಪ್ರಶ್ನೆ: ಎರಡನೇ ತರಗತಿಯ ನನ್ನ ಮಗ ಕಥೆಯನ್ನು ಸೊಗಸಾಗಿ ಹೇಳುತ್ತಾನೆ, ಓದಲು ಮಾತ್ರ ತಿಣುಕುತ್ತಾನೆ. ಇದು ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವಲ್ಲಿನ ತೊಂದರೆ, ಆಗಿದ್ದರೆ ಈಗಲೇ ನೆರವು ಬೇಕೇ, ಕಾಯಬಹುದೇ?

ಉತ್ತರ: ಕಾಯಬೇಡಿ. ಮಾತಿನ ಸಾಮರ್ಥ್ಯ ಹುಟ್ಟಿನಿಂದಲೇ ಬರುತ್ತದೆ. ಓದಿನ ಜಾಲವನ್ನಾದರೋ ಪ್ರತಿ ಮಗುವಿನ ಮಿದುಳು ಕಲಿಕೆಯಿಂದಲೇ ಕಟ್ಟಿಕೊಳ್ಳಬೇಕು. ಮಿದುಳಿನ ಎಡಭಾಗದಲ್ಲಿ, ಕಿವಿಯ ಮೇಲ್ಭಾಗದ ಪ್ರದೇಶವು ಅಕ್ಷರವನ್ನು ಧ್ವನಿಗೆ ಜೋಡಿಸುತ್ತದೆ. ಅದರ ಹಿಂದೆ ಕೆಳಗಿರುವ ಪ್ರದೇಶವು ಪರಿಚಿತ ಪದವನ್ನು ನೋಡಿದೊಡನೆ ಗುರುತಿಸುತ್ತದೆ. ಡಿಸ್ಲೆಕ್ಸಿಯಾ ಇರುವವರಲ್ಲಿ ಓದುವಾಗ ಈ ಎರಡೂ ಪ್ರದೇಶಗಳ ಚಟುವಟಿಕೆ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಇದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ.

ಮನೆಯಲ್ಲಿ ಹೀಗೆ ಗಮನಿಸಿ: ‘ಅರಸ’ ಎಂಬುದರಲ್ಲಿ ‘ಅ’ ಬಿಟ್ಟರೆ ಏನು ಉಳಿಯುತ್ತದೆ ಎಂದು ಬಾಯಲ್ಲೇ ಕೇಳಿದಾಗ ‘ರಸ’ ಎನ್ನಲು ಅವನು ತಡವರಿಸುತ್ತಾನೆಯೇ? ‘ಕಲ್ಲು’ ಎಂಬುದನ್ನು ಪದೇ ಪದೇ ‘ಕಾಲು’ ಎಂದು ಓದುತ್ತಾನೆಯೇ? ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆ ಎಲ್ಲ ಮಕ್ಕಳಿಗೂ ಹಲವು ವರ್ಷ ಹಿಡಿಯುವುದರಿಂದ ಇಂತಹ ಒಂದೆರಡು ತಪ್ಪುಗಳಿಂದಲೇ ತೀರ್ಮಾನಕ್ಕೆ ಬರಲಾಗದು. ದೃಷ್ಟಿ ಮತ್ತು ಶ್ರವಣ ಪರೀಕ್ಷೆಯ ನಂತರ ತಜ್ಞರ ಮೌಲ್ಯಮಾಪನ ಅಗತ್ಯ.

ನೆರವೆಂದರೆ ಅದೇ ಪಾಠವನ್ನು ಹತ್ತು ಸಲ ಬರೆಸುವುದಲ್ಲ, ಧ್ವನಿಗಳನ್ನು ಬಿಡಿಸಿ, ಕೂಡಿಸಿ, ‘ಕ’ ‘ಕಾ’ ‘ಕಿ’ಗಳಲ್ಲಿ ಬದಲಾಗುವ ಸ್ವರವನ್ನು ಕೇಳಿಸಿ, ಒಂದೊಂದಾಗಿ ಕ್ರಮವಾಗಿ ಕಲಿಸುವುದು. 2002ರ ಒಂದು ಸಣ್ಣ ಅಮೆರಿಕನ್ ಅಧ್ಯಯನದಲ್ಲಿ, ಸುಮಾರು 80 ಗಂಟೆಗಳ ಇಂತಹ ತೀವ್ರ ಬೋಧನೆಯ ನಂತರ 8 ಮಕ್ಕಳ ಎಡ ಮಿದುಳಿನ ಧ್ವನಿ ಪ್ರದೇಶದ ಚಟುವಟಿಕೆ ಹೆಚ್ಚಿದ್ದು ಕಂಡುಬಂತು. ತಡವಾಗಿ ಆರಂಭಿಸಿದರೂ ತಪ್ಪಿಲ್ಲದೆ ಓದುವುದನ್ನು ಕಲಿಸಬಹುದು, ಆದರೆ ಓದಿನ ವೇಗವನ್ನು ಹಿಡಿಯುವುದು ಬಹಳ ಕಷ್ಟ. ಅಷ್ಟು ಹೊತ್ತಿಗೆ ಸಹಪಾಠಿಗಳು ಲಕ್ಷಾಂತರ ಪದಗಳನ್ನು ಓದಿ ಮುಂದೆ ಸಾಗಿರುತ್ತಾರೆ.